ಬೈಕಿನ ಚೈನು ಮನೆಯಲ್ಲಿ, ಡಿಸ್ಕ್ ಬ್ರೇಕು ಗ್ಯಾರೇಜಿನಲ್ಲಿ

ಮೊದಲ ಬೈಕು ಕೊಂಡವರು ನೂರು ಬಿಡಿ ಸಾಮಾನಿನ ದೊಡ್ಡ ಪೆಟ್ಟಿಗೆ ತರಬೇಕಾಗಿಲ್ಲ. ಪದೇ ಪದೇ ಗಮನ ಬೇಡುವುದು ಚೈನು ಮತ್ತು ಟಯರಿನ ಗಾಳಿ. ಇವೆರಡಕ್ಕೆ ಬೇಕಾದದ್ದನ್ನು ಮಾತ್ರ ಕೊಳ್ಳಿ: ನಿಮ್ಮ ಬೈಕಿನ ಆಕ್ಸಲ್ ನಟ್ಟಿಗೆ ಹೊಂದುವ ಒಳ್ಳೆಯ ರಿಂಗ್ ಸ್ಪ್ಯಾನರ್, ಅಡ್ಜಸ್ಟರ್ ನಟ್ಟುಗಳಿಗೆ ಚಿಕ್ಕ ಸ್ಪ್ಯಾನರ್‌ಗಳು, ಗಾಳಿ ಅಳೆಯುವ ಗೇಜು, ಸ್ಟೀಲ್ ಸ್ಕೇಲು, ಬ್ರಷ್ಷು, ಚೈನ್ ಎಣ್ಣೆ. ಆಕ್ಸಲ್ ನಟ್ಟಿಗೆ ತಿರುಗಿಸುವ ಸ್ಪ್ಯಾನರ್ ಹಾಕಿದರೆ ಅದು ಜಾರಿ, ನಟ್ಟಿನ ಮೂಲೆಗಳು ಸವೆಯುತ್ತವೆ.

ಚೈನು ಎಷ್ಟು ಸಡಿಲವಿರಬೇಕು ಎಂಬುದು ಬೈಕಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ನಿಮ್ಮದರಲ್ಲಿ 20ರಿಂದ 30 ಮಿ.ಮೀ. ಎಂದಿದೆ ಎಂದುಕೊಳ್ಳಿ. ಎಂಜಿನ್ ಆರಿಸಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಚೈನಿನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ, ಒಟ್ಟು ಆಟವನ್ನು ಸ್ಕೇಲಿನಲ್ಲಿ ಅಳೆಯಿರಿ. ಚಕ್ರವನ್ನು ಕೈಯಿಂದ ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹಲವೆಡೆ ಅಳೆದು, ಅತಿ ಬಿಗಿಯಾದ ಜಾಗದ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಅಲ್ಲೂ 40 ಮಿ.ಮೀ. ಬಂದರೆ ಬಿಗಿ ಮಾಡಬೇಕು.

ಆಕ್ಸಲ್ ನಟ್ಟನ್ನು ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರ್‌ಗಳನ್ನು ಒಂದೇ ಅಳತೆಯಲ್ಲಿ, ಕಾಲು ಸುತ್ತಿನಂತೆ ತಿರುಗಿಸಿ. ಅಲ್ಲಿರುವ ಗೆರೆಗಳು ಎರಡೂ ಕಡೆ ಸಮವಿರಬೇಕು. ಇಲ್ಲದಿದ್ದರೆ ಚಕ್ರ ಓರೆಯಾಗುತ್ತದೆ. ನಟ್ಟು ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಏಕೆಂದರೆ ಬಿಗಿಯುವಾಗ ಅಳತೆ ಬದಲಾಗಬಹುದು. ಹಿಂದೆ ಡ್ರಮ್ ಬ್ರೇಕಿದ್ದರೆ ಪೆಡಲ್ ಒತ್ತಿ ನೋಡಲೇಬೇಕು. ಚಕ್ರ ಹಿಂದೆ ಸರಿದಾಗ ಬ್ರೇಕ್ ರಾಡೂ ಎಳೆದುಕೊಳ್ಳುವುದರಿಂದ ಬ್ರೇಕು ಸದಾ ಉಜ್ಜುತ್ತಿರಬಹುದು. ರಾಡಿನ ತುದಿಯ ನಟ್ಟು ಸಡಿಲಿಸಿ ಪೆಡಲಿನ ಆಟವನ್ನು ಸರಿಪಡಿಸಿ. ಆಕ್ಸಲ್ ನಟ್ಟಿನ ಬಿಗಿತ ಪುಸ್ತಕದ ಅಳತೆಗಿದೆಯೇ ಎಂದು ಮೊದಲ ಸಲವಾದರೂ ಮೆಕ್ಯಾನಿಕ್‌ನಿಂದ ಟಾರ್ಕ್ ರೆಂಚಿನಲ್ಲಿ ನೋಡಿಸಿ.

ಎಣ್ಣೆ ಹಾಕುವಾಗಲೂ ಎಂಜಿನ್ ಚಾಲೂ ಇರಕೂಡದು. ಚೈನು ಮತ್ತು ಹಲ್ಲುಚಕ್ರದ ನಡುವೆ ಬೆರಳು ಸಿಕ್ಕರೆ ತುಂಡಾಗುತ್ತದೆ. ಟಯರಿನ ಗಾಳಿಯನ್ನು ಬೆಳಿಗ್ಗೆ, ಬೈಕು ಓಡಿಸುವ ಮೊದಲೇ ಅಳೆಯಿರಿ. ಓಡಿ ಬಿಸಿಯಾದ ಟಯರಿನಲ್ಲಿ ಗೇಜು ಹೆಚ್ಚು ತೋರಿಸುತ್ತದೆ.

ಗೆರೆಗಳ ಕೊನೆ ಮುಟ್ಟಿದರೂ ಚೈನು ಸಡಿಲವಾಗಿಯೇ ಇದ್ದರೆ, ಅಥವಾ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ, ಮನೆಯ ಕೆಲಸ ಮುಗಿಯಿತು. ಚೈನು, ಹಲ್ಲುಚಕ್ರಗಳನ್ನು ಸೆಟ್ಟಾಗಿ ಬದಲಿಸಲು ಗ್ಯಾರೇಜಿಗೆ ಒಯ್ಯಿರಿ. ಡಿಸ್ಕ್ ಬ್ರೇಕಿನ ದ್ರವ ಬದಲಿಸುವುದೂ ಅಲ್ಲಿಯದೇ ಕೆಲಸ, ಏಕೆಂದರೆ ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಲಿವರ್ ಒತ್ತಿದರೂ ಬೈಕು ನಿಲ್ಲದು. ಮುಂದಿನ ಫೋರ್ಕಿನಿಂದ ಎಣ್ಣೆ ಸೋರುವುದು, ಚಕ್ರದ ಬೇರಿಂಗು ಅಲುಗಾಡುವುದು, ಎಂಜಿನ್ ವಾಲ್ವಿನ ಸದ್ದು ಇವಕ್ಕೂ ಮನೆಯ ಸ್ಪ್ಯಾನರ್ ಹಚ್ಚಬೇಡಿ.