ಉದ್ದನೆಯ ಸಂದೇಶದ ನಡುವಿನ ಒಂದು ಸಾಲು

ತಾಲ್ಲೂಕು ಕಾನೂನು ಸೇವಾ ಸಮಿತಿಯ ನೆರವು ಕೇಳಿ ಬರುವವರಲ್ಲಿ ಹೆಚ್ಚಿನವರು ಪ್ರಶ್ನೆ ತರುವುದಿಲ್ಲ, ಕತೆ ತರುತ್ತಾರೆ. ಮೊದಲೆಲ್ಲ ಅದು ಕೈಬರಹದ ಅರ್ಜಿಯಾಗಿರುತ್ತಿತ್ತು. ಈಗ ಅರೆ ಕಾನೂನು ಸ್ವಯಂಸೇವಕರ ಮೊಬೈಲಿಗೆ ಪೂರ್ಣವಿರಾಮವೇ ಇಲ್ಲದ ವಾಟ್ಸಾಪ್ ಸಂದೇಶವಾಗಿಯೂ ಬರುತ್ತದೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಜೂನ್ 26ರಂದು ಹೆಣ್ಣುಮಗಳೊಬ್ಬಳು ಹೀಗೆ ಬರೆಯುತ್ತಾಳೆ: ಗಂಡ ಹೋದ ದೀಪಾವಳಿಯಲ್ಲಿ ತೀರಿಕೊಂಡರು. ಜಮೀನು ಇನ್ನೂ ಮಾವನ ಹೆಸರಿನಲ್ಲಿದೆ, ಮೈದುನ ಪಾಲು ಕೊಡುವ ಮಾತೇ ಎತ್ತುವುದಿಲ್ಲ. ವಿಧವಾ ವೇತನದ ಅರ್ಜಿ ನಾಡಕಚೇರಿಯಲ್ಲಿ ಕೂತಿದೆ. ಅಡಿಕೆ ಕೊಂಡವನು ಕೊಟ್ಟ 85,000 ರೂಪಾಯಿಯ ಚೆಕ್ಕು ಬ್ಯಾಂಕಿನಿಂದ ವಾಪಸು ಬಂತು, ಕೇಳಿದರೆ ನಾಳೆ ಬಾ ಅನ್ನುತ್ತಾನೆ. ಮಗಳ ಶಾಲೆಯವರು ಟಿ.ಸಿ. ಕೊಡುತ್ತಿಲ್ಲ. ಮೈದುನ ಕುಡಿದು ಬಂದರೆ ಬಾಯಿಗೆ ಬಂದಂತೆ ಬೈಯುತ್ತಾನೆ. ಕೊನೆಗೆ, ‘ನನಗೆ ಯಾರೂ ಇಲ್ಲ.’

ಇಲ್ಲಿ ಪ್ರಶ್ನೆಯೇ ಇಲ್ಲ. ‘ನಿಮಗೇನು ಬೇಕು, ಸರಿಯಾಗಿ ಹೇಳಿ’ ಎಂದು ಉತ್ತರಿಸಿದರೆ ಆಕೆ ಮತ್ತೆ ಬರೆಯಲಾರಳು. ಬೇಕಾದುದನ್ನು ಬಿಡಿಸಿ ಹೇಳಲು ಗೊತ್ತಿದ್ದರೆ ಮೊದಲೇ ಹೇಳುತ್ತಿದ್ದಳು. ಎಲ್ಲಕ್ಕೂ ಒಟ್ಟಿಗೆ ಉತ್ತರ ಕೊಡಹೊರಟರೆ ಅದು ಇನ್ನೊಂದು ಉದ್ದನೆಯ ಸಂದೇಶವಾಗುತ್ತದೆ, ನಾಳೆ ಬೆಳಿಗ್ಗೆ ಏನು ಮಾಡಬೇಕೆಂಬುದು ಆಕೆಗೆ ಆಗಲೂ ತಿಳಿಯುವುದಿಲ್ಲ.

ಓದುವವರು ಮೊದಲು ಹುಡುಕಬೇಕಾದ್ದು ಜೀವಭಯವನ್ನು. ಬೈಯುವ ಮೈದುನ ಕೈಯನ್ನೂ ಎತ್ತುತ್ತಾನೆಯೇ? ಹೌದಾದರೆ ಉಳಿದದ್ದೆಲ್ಲ ಆಮೇಲೆ. ಇಲ್ಲವಾದರೆ, ಹುಡುಕಬೇಕಾದ್ದು ಗಡುವನ್ನು. ಆಕೆ ಹೆಚ್ಚು ಸಾಲು ಬರೆದಿರುವುದು ಜಮೀನಿನ ಬಗ್ಗೆ, ಏಕೆಂದರೆ ನೋವು ಇರುವುದು ಅಲ್ಲಿ. ಆದರೆ ಜಮೀನು ಮಾರುವ ಸುದ್ದಿ ಇಲ್ಲದಿದ್ದರೆ ಪಾಲಿನ ಹಕ್ಕು ಈ ವಾರ ಕೈತಪ್ಪುವಂಥದ್ದಲ್ಲ. ವೇತನದ ಅರ್ಜಿಯನ್ನು ಮುಂದಿನ ತಿಂಗಳೂ ವಿಚಾರಿಸಬಹುದು. ದಿನ ಎಣಿಸುತ್ತಿರುವುದು ನಡುವೆ ಬಂದುಹೋದ ಚೆಕ್ಕಿನ ಸಾಲೊಂದೇ.

ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಕ್ರಿಮಿನಲ್ ದೂರು ಕೊಡಬಹುದು. ಆದರೆ ಚೆಕ್ಕು ವಾಪಸಾದ ಸಂಗತಿ ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ, ಹಣ ಕೊಡುವಂತೆ ಲಿಖಿತ ನೋಟಿಸು ಕಳಿಸಿರಲೇಬೇಕು. ದೂರು ತಡವಾದರೆ ತಕ್ಕ ಕಾರಣ ತೋರಿಸಿ ಕೋರ್ಟಿನಲ್ಲಿ ಕ್ಷಮೆ ಕೇಳಲು ಅವಕಾಶವಿದೆ. ನೋಟಿಸಿನ ತಡಕ್ಕೆ ಆ ಅವಕಾಶವಿಲ್ಲ. ‘ನಾಳೆ ಬಾ’ ಎನ್ನುವವನನ್ನು ನಂಬಿ ಕೂತವರು ಕಳೆದುಕೊಳ್ಳುವುದು ಈ 30 ದಿನಗಳನ್ನೇ.

ಆದ್ದರಿಂದ ಮೊದಲ ಉತ್ತರ ಇಷ್ಟೇ ಇರಲಿ: ‘ಅಕ್ಕಾ, ನೀವು ಬರೆದದ್ದೆಲ್ಲ ಓದಿದೆ. ಒಂದೊಂದನ್ನೂ ನೋಡೋಣ. ಮನೆಯಲ್ಲಿ ನಿಮ್ಮ ಮೇಲೆ ಯಾರಾದರೂ ಕೈ ಮಾಡುತ್ತಾರೆಯೇ? ಚೆಕ್ಕು ವಾಪಸು ಬಂದಾಗ ಬ್ಯಾಂಕಿನವರು ಕೊಟ್ಟ ಚೀಟಿಯ ಫೋಟೊ ಕಳಿಸಿ, ಚೆಕ್ಕಿನದೂ ಕಳಿಸಿ.’ ಓದಿದೆ ಎಂಬ ಮಾತು ಮುಂದೆ ಇರಲೇಬೇಕು. ಅದಿಲ್ಲದೆ ನೇರ ಚೆಕ್ಕಿಗೆ ಹೋದರೆ, ಗಂಡ ತೀರಿಕೊಂಡದ್ದು ಇವರಿಗೆ ಲೆಕ್ಕಕ್ಕೇ ಇಲ್ಲ ಎಂದು ಆಕೆಗೆ ಅನ್ನಿಸುತ್ತದೆ.

ಕೈ ಮಾಡುವುದಿಲ್ಲ ಎಂದು ಉತ್ತರ ಬಂತು ಎನ್ನೋಣ. ಬ್ಯಾಂಕಿನ ಚೀಟಿ ಆಕೆಯ ಕೈಸೇರಿದ್ದು ಜೂನ್ 3ರಂದು. ಅಂದರೆ ಜುಲೈ 3ರೊಳಗೆ ನೋಟಿಸು ಹೊರಡಬೇಕು, ಉಳಿದಿರುವುದು ಒಂದು ವಾರ. ವಕೀಲರು ನೋಟಿಸು ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳುತ್ತಾರೆ. ನೋಟಿಸಿನಲ್ಲಿ ಚೆಕ್ಕಿನ ಮೊತ್ತವಾದ 85,000 ರೂಪಾಯಿಯನ್ನು ಸ್ಪಷ್ಟವಾಗಿ ಕೇಳಿರಬೇಕು. ಹಳೆಯ ಬಾಕಿಯನ್ನೆಲ್ಲ ಸೇರಿಸಿ ಒಂದೇ ದೊಡ್ಡ ಮೊತ್ತ ಕೇಳಿದರೆ ಪ್ರಕರಣವೇ ಬಿದ್ದುಹೋಗಬಹುದು. ನೋಟಿಸು ತಲುಪಿದ ಮೇಲೆ ವ್ಯಾಪಾರಿಗೆ 15 ದಿನಗಳ ಅವಕಾಶವಿದೆ. ಆಗಲೂ ಕೊಡದಿದ್ದರೆ, ಅನಂತರದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು.

ಸಂದೇಶ ಜುಲೈ 10ಕ್ಕೆ ಬಂದಿದ್ದರೂ ಕೈಚೆಲ್ಲಬೇಕಿರಲಿಲ್ಲ. ಚೆಕ್ಕಿನ ಮೇಲಿನ ತಾರೀಖಿನಿಂದ ಮೂರು ತಿಂಗಳು ಮುಗಿದಿಲ್ಲವಾದರೆ ಅದನ್ನು ಮತ್ತೆ ಬ್ಯಾಂಕಿಗೆ ಹಾಕಬಹುದು. ಮತ್ತೆ ವಾಪಸಾದರೆ 30 ದಿನಗಳ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಅದೂ ಮೀರಿದ್ದರೆ ಹಣ ವಸೂಲಿಗೆ ಸಿವಿಲ್ ದಾವೆ ಉಳಿದಿರುತ್ತದೆ, ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷ ಕಾಲವಿದೆ.

ನೋಟಿಸು ಅಂಚೆಗೆ ಬಿದ್ದ ದಿನವೇ ಎರಡನೆಯ ವಿಷಯಕ್ಕೆ ಕೈಹಾಕಬೇಕು. ಶಾಲೆ ಶುರುವಾಗಿರುವ ಕಾಲ, ಹಾಗಾಗಿ ಮುಂದಿನದು ಟಿ.ಸಿ. ಅದಾದ ಮೇಲೆ ವೇತನ, ಆಮೇಲೆ ಜಮೀನು. ಹೀಗೆ ಹೇಳಿದ ಕ್ರಮವನ್ನು ಆಕೆಗೆ ಬರೆದು ಕಳಿಸುವುದು ಒಳ್ಳೆಯದು, ಬಿಟ್ಟುಹೋದದ್ದು ಯಾವುದೂ ಇಲ್ಲವೆಂದು ಆಗ ಆಕೆಗೆ ಗೊತ್ತಾಗುತ್ತದೆ.

ನಿಮ್ಮ ಮನೆಯ ಅಥವಾ ನೆರೆಮನೆಯ ಹೆಣ್ಣುಮಗಳಿಗೆ ಇಂಥ ತೊಂದರೆ ಇದ್ದರೆ, ಚೆನ್ನಾಗಿ ಬರೆಯಲು ಬರುವುದಿಲ್ಲವೆಂದು ಆಕೆ ತಡಮಾಡದಿರಲಿ. ಇದ್ದ ಕಾಗದಗಳನ್ನೆಲ್ಲ ಹಿಡಿದುಕೊಂಡು ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಲಿ, ಇಲ್ಲವೇ 15100ಕ್ಕೆ ಫೋನ್ ಮಾಡಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಈ ನೆರವು ಉಚಿತ.