ಬಸ್ಸಾರು ಬಿಡದೆ ಹೊಟ್ಟೆ ಉಳಿಸಿಕೊಂಡ ಕಥೆ

ನಮ್ಮೂರು ಪೆರೇಸಂದ್ರ. ಚಿಕ್ಕಬಳ್ಳಾಪುರ ದಾಟಿ ಹೈದರಾಬಾದ್ ಹೆದ್ದಾರಿಯಲ್ಲಿ ಬಾಗೇಪಲ್ಲಿ ಕಡೆ ಹೋಗುವವರಿಗೆ ಗೊತ್ತಿರುತ್ತೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ, ಶನಿವಾರ ರಾತ್ರಿ ಊರಿಗೆ ಬರ್ತೀನಿ. ಭಾನುವಾರ ಮಧ್ಯಾಹ್ನ ನಮ್ಮನೆಯಲ್ಲಿ ರಾಗಿ ಮುದ್ದೆ, ಬಸ್ಸಾರು. ಆ ಊಟ ಮಾಡಿ ಸೋಮವಾರ ಬೆಳಿಗ್ಗೆ ಆಫೀಸಿನ ಮೀಟಿಂಗಿನಲ್ಲಿ ಕೂತರೆ ಹೊಟ್ಟೆ ತಮಟೆಯಂತೆ ಬಿಗಿದುಕೊಂಡಿರುತ್ತಿತ್ತು. ಗುಡುಗುಡು ಸದ್ದು ಪಕ್ಕದವರಿಗೂ ಕೇಳಿಸುತ್ತದೇನೋ ಎಂಬ ಭಯ ಬೇರೆ.

ಡಾಕ್ಟರು ರಕ್ತ, ಮಲ ಎಲ್ಲ ಪರೀಕ್ಷೆ ಮಾಡಿಸಿ, ಗೋಧಿ ಆಗದ ಸೀಲಿಯಾಕ್ ಕಾಯಿಲೆಯೂ ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಐಬಿಎಸ್ ಅಂದರು. ಕರುಳಿನಲ್ಲಿ ಗಾಯವಿಲ್ಲ, ಹುಣ್ಣಿಲ್ಲ, ಆದರೆ ಅದು ಸೂಕ್ಷ್ಮ. ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸು ನನಗೆ ನೋವಾಗುತ್ತೆ. (ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಮಾತ್ರ ಅಡುಗೆ ಬದಲಾಯಿಸುತ್ತ ಕೂರಬೇಡಿ, ಮೊದಲು ಡಾಕ್ಟರ ಹತ್ತಿರ ಹೋಗಿ.)

ನಾನು ಮಾಡಿದ ಮೊದಲ ತಪ್ಪು ಎಂಜಿನಿಯರ್ ಆದವನು ಮಾಡಬಾರದ್ದು. ಹಾಲು, ಗೋಧಿ, ಕಾಳು, ಈರುಳ್ಳಿ, ಹಣ್ಣು ಎಲ್ಲವನ್ನೂ ಒಂದೇ ದಿನ ಬಿಟ್ಟೆ. ಹೊಟ್ಟೆ ಸರಿಯಾಯಿತು, ಯಾವುದರಿಂದ ಅಂತ ಗೊತ್ತಾಗಲಿಲ್ಲ. ಎರಡು ತಿಂಗಳಲ್ಲಿ ನಾಲ್ಕು ಕಿಲೋ ಇಳಿದೆ. "ಬೆಂಗಳೂರಲ್ಲಿ ಏನಪ್ಪಾ ತಿಂತೀಯ, ಗಾಳಿನಾ?" ಅಂತ ಅಮ್ಮ ಕೇಳಿದರು.

ಆಹಾರ ತಜ್ಞೆಯೊಬ್ಬರು ಹೇಳಿದ ಮೇಲೆ ವಿಷಯ ಅರ್ಥವಾಯಿತು. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿರುವ ಮೊನಾಶ್ ವಿಶ್ವವಿದ್ಯಾಲಯದವರು ಬೆಳೆಸಿದ ಪದ್ಧತಿ ಇದು, ಫಾಡ್‌ಮ್ಯಾಪ್ ಅಂತ ಹೆಸರು. ಈರುಳ್ಳಿ ಬೆಳ್ಳುಳ್ಳಿಯಲ್ಲಿ ಫ್ರಕ್ಟಾನ್ ಎಂಬ ಸಕ್ಕರೆ ಸರಪಳಿ ಇದೆ, ಕಾಳು ಬೇಳೆಯಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅನ್ನುವವು ಇವೆ. ಇವುಗಳನ್ನು ಒಡೆಯುವ ಕಿಣ್ವ ಮನುಷ್ಯರ ಸಣ್ಣ ಕರುಳಿನಲ್ಲಿಲ್ಲ. ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿನ ಬ್ಯಾಕ್ಟೀರಿಯಾಗಳು ಹುಳಿ ಹಿಡಿಸಿ ಗ್ಯಾಸು ಮಾಡುತ್ತವೆ. ಅಲ್ಲಿಗೆ ತಲುಪಲು ಹಲವು ಗಂಟೆ ಬೇಕು. ಹಾಗಾಗಿ ಸಂಜೆಯ ಹೊಟ್ಟೆನೋವಿಗೆ ಸಂಜೆಯ ಕಾಫಿಯನ್ನು ಬೈದು ಪ್ರಯೋಜನವಿಲ್ಲ, ಮಧ್ಯಾಹ್ನದ ಊಟವನ್ನು ನೋಡಬೇಕು. ನಾನು ವರ್ಷಗಟ್ಟಲೆ ಕಾಫಿಯನ್ನೇ ಬೈದಿದ್ದೆ.

ಮತ್ತೆ ಭಾನುವಾರ ಬಂತು. ಕಾಳು ಕೆಟ್ಟದ್ದು ಅಂತ ತಿಳಿದುಕೊಂಡು ಪಲ್ಯ ಬಿಟ್ಟು, ಮುದ್ದೆಗೆ ಎರಡು ಬಟ್ಟಲು ಸಾರು ಹುಯ್ಕೊಂಡು ಉಂಡೆ. ಸಾರು ತೆಳ್ಳಗಿರುತ್ತೆ, ಏನೂ ಆಗಲ್ಲ ಅಂತ ಲೆಕ್ಕ. ಆ ರಾತ್ರಿ ಪಟ್ಟ ಪಾಡು ಬೇಡ. ಆಮೇಲೆ ಕೂತು ಯೋಚಿಸಿದಾಗ ಹೊಳೀತು: ಈ ಸಕ್ಕರೆಗಳು ನೀರಿನಲ್ಲಿ ಕರಗುತ್ತವೆ. ಬಸ್ಸಾರು ಅಂದರೇ ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲಿ ಮಾಡುವ ಸಾರು. ನಾನು ಕಾಳು ಬಿಟ್ಟು, ಕಾಳಿನಿಂದ ಬಿಟ್ಟುಕೊಂಡಿದ್ದನ್ನೆಲ್ಲ ಬಟ್ಟಲುಗಟ್ಟಲೆ ಕುಡಿದಿದ್ದೆ! ಪಲ್ಯವೇ ಎಷ್ಟೋ ವಾಸಿ.

ಬೆಳ್ಳುಳ್ಳಿಯದೂ ಇದೇ ಕಥೆ. ಸಾರಿನಿಂದ ಎಸಳು ಆರಿಸಿ ತಟ್ಟೆ ಪಕ್ಕಕ್ಕೆ ಇಟ್ಟರೆ ಏನೂ ಉಪಯೋಗವಿಲ್ಲ, ಫ್ರಕ್ಟಾನ್ ಆಗಲೇ ಸಾರಿನ ನೀರಿಗೆ ಇಳಿದಿರುತ್ತೆ. ಆದರೆ ಅದು ಎಣ್ಣೆಯಲ್ಲಿ ಕರಗಲ್ಲ. ಬೆಳ್ಳುಳ್ಳಿಯ ಘಮ ಮಾತ್ರ ಎಣ್ಣೆಗೆ ಬರುತ್ತೆ. ಇದು ಗೊತ್ತಾದ ದಿನ ನನಗೆ ಆದ ಖುಷಿ ಸಂಬಳ ಜಾಸ್ತಿಯಾದಾಗಲೂ ಆಗಿರಲಿಲ್ಲ.

ಅಮ್ಮನನ್ನು ಒಪ್ಪಿಸುವುದೇ ಕಷ್ಟವಾಯಿತು. "ಬೆಳ್ಳುಳ್ಳಿ ಇಲ್ದೆ ಬಸ್ಸಾರಾ? ಅದನ್ನ ಬಾಣಂತಿಗೂ ಹಾಕಲ್ಲ ಕಣಪ್ಪಾ" ಅಂದರು. ಅವರ ಅಡುಗೆಗೆ ನಾನು ಹೆಸರು ಕೆಡಿಸುತ್ತಿದ್ದೀನಿ ಅನ್ನೋ ನೋವು ಅದರಲ್ಲಿತ್ತು. ಹಾಗಾಗಿ ಒಂದು ಭಾನುವಾರ ನಾನೇ ಒಲೆ ಮುಂದೆ ನಿಂತೆ.

ನಾಲ್ಕು ಜನಕ್ಕೆ ಅರ್ಧ ಕಪ್ಪು ಹೆಸರುಕಾಳು ತಗೊಂಡೆ, ಮೊದಲು ಒಂದೂವರೆ ಕಪ್ಪು ತೊಗರಿಬೇಳೆ ಹಾಕುತ್ತಿದ್ದರು. ರಾತ್ರಿ ನೆನೆಸಿ, ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಮೊಳಕೆ ಬರಿಸಿದೆ. ಮೊಳಕೆ ಒಡೆಯುವಾಗ ಕಾಳು ತನ್ನೊಳಗಿನ ಆ ಸಕ್ಕರೆಯನ್ನೇ ಸ್ವಲ್ಪ ಖರ್ಚು ಮಾಡುತ್ತೆ. ಅದನ್ನು ನೀರಿನಲ್ಲಿ ಐದು ನಿಮಿಷ ಕುದಿಸಿ ಆ ಮೊದಲ ಕಟ್ಟನ್ನು ಚೆಲ್ಲಿದೆ. ಅಮ್ಮ ಕಣ್ಣು ಮುಚ್ಚಿಕೊಂಡರು. ಆಮೇಲೆ ಐದು ಕಪ್ಪು ಹೊಸ ಬಿಸಿನೀರು, ಉಪ್ಪು, ಒಂದು ದೊಡ್ಡ ಕಟ್ಟು ದಂಟಿನ ಸೊಪ್ಪು, ಒಂದು ಹಿಡಿ ಸಬ್ಬಸಿಗೆ. ಕಾಳು ಬೆಂದು, ಒಡೆಯದೆ ಇರುವಾಗಲೇ ಬಸಿಯಬೇಕು. ಕುಕ್ಕರಿನಲ್ಲಿ ಹಾಕಿದರೆ ಕರಗಿ ಎಲ್ಲ ಸಾರಿಗೇ ಸೇರುತ್ತೆ, ಅದನ್ನೂ ಮಾಡಿ ನೋಡಿದ್ದೀನಿ.

ಮೂರು ಚಮಚ ಎಣ್ಣೆ ಕಾಯಿಸಿ, ಜಜ್ಜದೆ ಏಳೆಂಟು ಎಸಳು ಬೆಳ್ಳುಳ್ಳಿ ಹಾಕಿ ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಹುರಿದು ಪೂರ್ತಿ ತೆಗೆದೆ. ಅಪ್ಪ ಅವನ್ನು ಮುದ್ದೆ ಜೊತೆ ನಂಚ್ಕೊಂಡರು. ಬೆಳ್ಳುಳ್ಳಿ ಇರುವಾಗ ಟೊಮೆಟೊ, ನೀರು ಯಾವುದೂ ಬೀಳಬಾರದು, ಬಿದ್ದರೆ ಆಟ ಕೆಟ್ಟಿತು. ಇನ್ನೊಂದು ಮಾತು, ಈ ಎಣ್ಣೆಯನ್ನು ಸೀಸೆಗೆ ತುಂಬಿ ಹೊರಗಿಡಬೇಡಿ. ಹಸಿ ಬೆಳ್ಳುಳ್ಳಿಯ ಎಣ್ಣೆಯಲ್ಲಿ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ವಿಷ ಬೆಳೆಯಬಹುದು. ಅವತ್ತಿನದು ಅವತ್ತಿಗೇ.

ಈರುಳ್ಳಿಗೆ ಬದಲು ಈರುಳ್ಳಿ ಸೊಪ್ಪಿನ ಹಸಿರು ಭಾಗ, ಬುಡದ ಬಿಳಿ ಗಡ್ಡೆ ಬೇಡ. ಅದನ್ನು ಅದೇ ಎಣ್ಣೆಯಲ್ಲಿ ಬಾಡಿಸಿ, ಕಾಯಿತುರಿ, ಸಾರಿನ ಪುಡಿ, ಕೊತ್ತಂಬರಿ, ಚೂರು ಹುಣಸೆ ಸೇರಿಸಿ ರುಬ್ಬಿದೆ. ಸಾಮಾನ್ಯವಾಗಿ ಮಂದ ಬರಲಿ ಅಂತ ಒಂದು ಸೌಟು ಬೆಂದ ಕಾಳನ್ನೂ ರುಬ್ಬುತ್ತಾರೆ. ನಾನು ಅದರ ಬದಲು ಬೆಂದ ಸೊಪ್ಪು ಹಾಕಿದೆ. ಕೊನೆಗೆ ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ. ಅಂಗಡಿಯ ಸಾರಿನ ಪುಡಿಯಾದರೆ ಪೊಟ್ಟಣದ ಹಿಂಭಾಗ ಓದಿ, ಎಷ್ಟೋ ಪುಡಿಗಳಲ್ಲಿ ಬೆಳ್ಳುಳ್ಳಿ ಇರುತ್ತೆ. ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಚಿಟಿಕೆಯಿಂದ ನನಗೇನೂ ಆಗಲ್ಲ, ಸೀಲಿಯಾಕ್ ಇರುವವರು ಮಾತ್ರ ನೋಡಿಕೊಳ್ಳಬೇಕು.

ಸಾರು ಮೊದಲಿನಷ್ಟು ಮಂದ ಬರಲಿಲ್ಲ, ಸುಳ್ಳು ಹೇಳಲ್ಲ. ಅಮ್ಮ ಬೆರಳಿಗೆ ಹಚ್ಚಿಕೊಂಡು ರುಚಿ ನೋಡಿ, "ಬೆಳ್ಳುಳ್ಳಿ ಹಾಕಿದ್ದೀಯಲ್ಲೋ" ಅಂದರು. ನಾನು ಒಂದು ಬಟ್ಟಲು ಸಾರು, ಕಾಲು ಕಪ್ಪಿನಷ್ಟು ಕಾಳಿನ ಪಲ್ಯ ಉಂಡೆ. ಸೋಮವಾರದ ಮೀಟಿಂಗಿನಲ್ಲಿ ಹೊಟ್ಟೆ ಸುಮ್ಮನಿತ್ತು.

ಹೀಗೆ ಜೀವನಪೂರ್ತಿ ತಿನ್ನುವುದಲ್ಲ ಇದು. ಎರಡರಿಂದ ಆರು ವಾರ ಕಡಿಮೆ ಮಾಡಿ, ಆಮೇಲೆ ಒಂದೊಂದನ್ನೇ ಮತ್ತೆ ತಂದು ನೋಡಬೇಕು, ಯಾಕಂದರೆ ಇವೇ ಸಕ್ಕರೆಗಳು ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗಳಿಗೂ ಊಟ. ಮೂರು ದಿನ ಒಂದೇ ಪದಾರ್ಥ, ಮೊದಲ ದಿನ ಚೂರು, ಆಮೇಲೆ ಹೆಚ್ಚು. ಬೇರೆ ಏನನ್ನೂ ಬದಲಾಯಿಸಬಾರದು. ನನ್ನ ಲೆಕ್ಕದ ಹಾಳೆಯ ಪ್ರಕಾರ ಬೆಳ್ಳುಳ್ಳಿ ಅರ್ಧ ಎಸಳು ತಡೆಯುತ್ತೆ, ಎರಡು ತಡೆಯಲ್ಲ. ತೊಗರಿಬೇಳೆಯ ತೆಳು ಸಾರು ಒಂದು ಬಟ್ಟಲು ಪರವಾಗಿಲ್ಲ. ಈರುಳ್ಳಿ ಕಾಲು ಗಡ್ಡೆಗೇ ಸೋತೆ. ನಿಮ್ಮ ಹಾಳೆ ಬೇರೆ ಇರುತ್ತೆ.

ಅವರೆಕಾಯಿ ಇನ್ನೂ ಬಾಕಿ ಇದೆ. ಡಿಸೆಂಬರ್ ಬಂದರೆ ನಮ್ಮ ಕಡೆ ಮನೆಮನೆಯಲ್ಲೂ ಹಿತಕಿದ ಬೇಳೆ ಸಾರು. ರಾತ್ರಿ ನೆನೆಸಿ, ಹಿತುಕಿ, ಮೊದಲ ಕಟ್ಟು ಚೆಲ್ಲಿ, ಎರಡು ಚಮಚದಿಂದ ಶುರು ಮಾಡೋಣ ಅಂತ ಅಮ್ಮನೇ ಹೇಳಿದ್ದಾರೆ.