ಜೀನ್ ಎಷ್ಟು ಪಟ್ಟು ಚುರುಕಾಯಿತು?

ಕೋವಿಡ್ ಕಾಲದಲ್ಲಿ ‘ಸಿಟಿ ವ್ಯಾಲ್ಯೂ ಎಷ್ಟು ಬಂತು?’ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಕೇಳಿಬರುತ್ತಿತ್ತು. ಅಂಕಿ ಕಡಿಮೆಯಿದ್ದಷ್ಟೂ ವೈರಸ್ ಹೆಚ್ಚು ಎಂಬುದು ಆಗ ಬಹಳ ಜನಕ್ಕೆ ತಿಳಿಯಿತು. ಕ್ಯೂಪಿಸಿಆರ್ ಯಂತ್ರ ಕೊಡುವ ಇದೇ ಅಂಕಿಯನ್ನು ಜೀವವಿಜ್ಞಾನಿಗಳು ಇನ್ನೊಂದು ಕೆಲಸಕ್ಕೂ ಬಳಸುತ್ತಾರೆ. ಒಂದು ಜೀನ್ ಮೊದಲಿಗಿಂತ ಎಷ್ಟು ಪಟ್ಟು ಹೆಚ್ಚು ಕೆಲಸ ಮಾಡುತ್ತಿದೆ ಎಂದು ಅದರಿಂದ ಅಳೆಯುತ್ತಾರೆ.

ಬಿಸಿಲಿನ ತಾಪ ಏರಿದಾಗ ಗಿಡದ ಜೀವಕೋಶಗಳು ಎಚ್‌ಎಸ್‌ಪಿ70 ಎಂಬ ರಕ್ಷಕ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತವೆ. ಅದಕ್ಕೆ ಮೊದಲು ಆ ಜೀನಿನ ಆರ್‌ಎನ್‌ಎ ಪ್ರತಿಗಳು ಹೆಚ್ಚಬೇಕು. ಎಷ್ಟು ಹೆಚ್ಚಿದವು ಎಂದು ತಿಳಿಯಲು ಎಲೆಯಿಂದ ಆರ್‌ಎನ್‌ಎ ತೆಗೆದು, ಅದನ್ನು ಡಿಎನ್‌ಎ ರೂಪಕ್ಕೆ ತಿರುಗಿಸಿ, ಸೈಬರ್ ಗ್ರೀನ್‌ನಂಥ ಹೊಳೆಯುವ ಬಣ್ಣದೊಂದಿಗೆ ಯಂತ್ರದಲ್ಲಿ ಇಡುತ್ತಾರೆ. ಎಲ್ಲವೂ ಸರಿಯಿದ್ದರೆ ಪ್ರತಿ ಸುತ್ತಿಗೆ ಡಿಎನ್‌ಎ ದುಪ್ಪಟ್ಟಾಗುತ್ತದೆ, ಅದರೊಂದಿಗೆ ಹೊಳಪೂ ಏರುತ್ತದೆ.

ಪರದೆಯ ಮೇಲೆ ಈ ಏರಿಕೆ ಒಂದು ಗೆರೆಯಾಗಿ ಮೂಡುತ್ತದೆ. ಮೊದಲ ಹತ್ತಾರು ಸುತ್ತು ಗೆರೆ ನೆಲಕ್ಕಂಟಿಕೊಂಡಿರುತ್ತದೆ. ಡಿಎನ್‌ಎ ಹೆಚ್ಚುತ್ತಿದ್ದರೂ ಯಂತ್ರದ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ. ಆಮೇಲೆ ಗೆರೆ ಕಡಿದಾಗಿ ಏರಿ, ಸಾಮಗ್ರಿ ಮುಗಿಯುತ್ತ ಬಂದಂತೆ ಮೇಲೆ ಚಪ್ಪಟೆಯಾಗುತ್ತದೆ. ಹೊಸಬರು ಕೊನೆಯ ಎತ್ತರ ನೋಡಿ ಯಾವುದರಲ್ಲಿ ಹೆಚ್ಚಿತ್ತು ಎಂದು ನಿರ್ಧರಿಸಿಬಿಡುತ್ತಾರೆ. ಅದು ತಪ್ಪು. ಎಲ್ಲಿಂದ ಹೊರಟರೂ ಕೊನೆಗೆ ಗೆರೆಗಳು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತವೆ. ನೋಡಬೇಕಾದದ್ದು ಗೆರೆ ಎಷ್ಟು ಬೇಗ ಎದ್ದಿತು ಎಂಬುದನ್ನು. ಹೊಳಪು ದುಪ್ಪಟ್ಟಾಗುತ್ತಿರುವ ಭಾಗದಲ್ಲಿ ಒಂದು ಅಡ್ಡಗೆರೆ ಎಳೆಯುತ್ತಾರೆ. ಏರುಗೆರೆ ಅದನ್ನು ದಾಟುವ ಸುತ್ತಿನ ಸಂಖ್ಯೆಯೇ ಸಿಟಿ.

ಸಿಟಿಗಳನ್ನು ನೇರವಾಗಿ ಹೋಲಿಸಿದರೆ ಸಾಲದು. ಒಂದು ಎಲೆಯಿಂದ ಆರ್‌ಎನ್‌ಎ ಜಾಸ್ತಿ ಬಂದಿರಬಹುದು, ಇನ್ನೊಂದರಿಂದ ಕಡಿಮೆ. ಆದ್ದರಿಂದ ಬಿಸಿಗೂ ತಂಪಿಗೂ ಬದಲಾಗದ ಇನ್ನೊಂದು ಜೀನನ್ನು ಅಳತೆಗಲ್ಲಾಗಿ ಇಟ್ಟುಕೊಳ್ಳುತ್ತಾರೆ. ಸಾಮಾನ್ಯವಾಗಿ ಬಳಸುವ ಇಂಥ ಆಧಾರ ಜೀನ್‌ಗಳಲ್ಲಿ ಆಕ್ಟಿನ್ ಒಂದು. ಲಿವಾಕ್ ಮತ್ತು ಶ್ಮಿಟ್‌ಗೆನ್ 2001ರಲ್ಲಿ ವಿವರಿಸಿದ ಡೆಲ್ಟಾ ಡೆಲ್ಟಾ ಸಿಟಿ ವಿಧಾನ ಎರಡು ಕಳೆಯುವ ಲೆಕ್ಕದಲ್ಲಿ ಮುಗಿಯುತ್ತದೆ.

ಉದಾಹರಣೆಗೆ, ತಂಪಿನಲ್ಲಿ ಬೆಳೆದ ಗಿಡದಲ್ಲಿ ಎಚ್‌ಎಸ್‌ಪಿ70ರ ಸಿಟಿ 27, ಆಕ್ಟಿನ್‌ನದು 18 ಎಂದುಕೊಳ್ಳೋಣ. ಬಿಸಿ ತಾಗಿದ ಗಿಡದಲ್ಲಿ ಅವು 23.5 ಮತ್ತು 18.5. ಮೊದಲು ಪ್ರತಿ ಗಿಡದಲ್ಲೂ ಆಕ್ಟಿನ್ ಅಂಕಿಯನ್ನು ಕಳೆಯಬೇಕು. ಬಳಿಕ ಬಿಸಿ ಗಿಡದ ಉತ್ತರದಿಂದ ತಂಪಿನ ಗಿಡದ್ದನ್ನು ಕಳೆಯಬೇಕು.

```
ΔCt (ತಂಪು) = 27 − 18 = 9
ΔCt (ಬಿಸಿ) = 23.5 − 18.5 = 5
ΔΔCt = 5 − 9 = −4
2^(−ΔΔCt) = 2^4 = 16
```

ಅಂದರೆ ಬಿಸಿಗೆ ಜೀನ್ 16 ಪಟ್ಟು ಚುರುಕಾಯಿತು. ಆಕ್ಟಿನ್ ಮರೆತಿದ್ದರೆ ವ್ಯತ್ಯಾಸ 3.5 ಸುತ್ತು ಮಾತ್ರ. ಉತ್ತರ ಸುಮಾರು 11 ಪಟ್ಟು ಬರುತ್ತಿತ್ತು. ΔΔCt ಸೊನ್ನೆಯಾದರೆ ಬದಲಾವಣೆ ಇಲ್ಲ, +1 ಬಂದರೆ ಜೀನಿನ ಕೆಲಸ ಅರ್ಧಕ್ಕೆ ಇಳಿದಿದೆ.

ಈ ಸೂತ್ರದಲ್ಲಿರುವ 2 ಒಂದು ನಂಬಿಕೆ: ಎರಡೂ ಜೀನ್‌ಗಳ ಡಿಎನ್‌ಎ ಪ್ರತಿ ಸುತ್ತಿಗೆ ಸರಿಯಾಗಿ ದುಪ್ಪಟ್ಟಾಗಿದೆ ಎಂಬುದು. ಅದನ್ನು ಪರೀಕ್ಷಿಸಲು ಮಾದರಿಯನ್ನು ಹತ್ತು ಪಟ್ಟು, ನೂರು ಪಟ್ಟು ತೆಳುವಾಗಿಸಿ ಓಡಿಸುತ್ತಾರೆ. ಪ್ರತಿ ಹತ್ತು ಪಟ್ಟಿಗೆ ಸಿಟಿ ಸುಮಾರು 3.3ರಷ್ಟು ಏರಿದರೆ ನಂಬಿಕೆ ಸರಿ. ಎರಡೂ ಜೀನ್‌ಗಳಲ್ಲಿ 1.9 ಪಟ್ಟು ಮಾತ್ರ ಹೆಚ್ಚುತ್ತಿದ್ದರೆ ಮೇಲಿನ 16 ಕೂಡಲೇ 13ಕ್ಕೆ ಇಳಿಯುತ್ತದೆ.

ಬಣ್ಣ ಯಾವ ಡಿಎನ್‌ಎ ಎಂದು ನೋಡದೆ ಹೊಳೆಯುವುದು ಇನ್ನೊಂದು ತೊಡಕು. ಪ್ರೈಮರ್‌ಗಳೇ ಒಂದಕ್ಕೊಂದು ಅಂಟಿಕೊಂಡು ಪ್ರತಿಗಳಾದರೂ ಗೆರೆ ಏರುತ್ತದೆ. ಹಾಗಾಗಿ ಮಾದರಿಯನ್ನೇ ಹಾಕದ, ಉಳಿದೆಲ್ಲ ಇರುವ ಒಂದು ಕೊಳವೆಯನ್ನೂ ಇಡುತ್ತಾರೆ. ಅದರಲ್ಲೂ ಗೆರೆ ಎದ್ದರೆ ಕಲಬೆರಕೆಯೋ ಪ್ರೈಮರ್‌ಗಳ ಕಿತಾಪತಿಯೋ ಆಗಿದೆ ಎಂದರ್ಥ. ಕೊನೆಯಲ್ಲಿ ಬಿಸಿ ಏರಿಸುತ್ತ ಡಿಎನ್‌ಎ ಯಾವ ಉಷ್ಣತೆಯಲ್ಲಿ ಬಿಡಿಬಿಡಿಯಾಗುತ್ತದೆ ಎಂದು ನೋಡಿದರೆ ಯಾವುದೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ: ಒಂದೇ ಶಿಖರ ಕಂಡರೆ ಸಾಮಾನ್ಯವಾಗಿ ಒಂದೇ ಡಿಎನ್‌ಎ, ಕಡಿಮೆ ಉಷ್ಣತೆಯಲ್ಲಿ ಇನ್ನೊಂದು ಶಿಖರ ಕಂಡರೆ ಅನುಮಾನಿಸಬೇಕು.

ಒಂದೇ ಗಿಡದಿಂದ ತೀರ್ಮಾನಕ್ಕೆ ಬರುವಂತಿಲ್ಲ. ಬೇರೆ ಬೇರೆ ಗಿಡಗಳ ΔCt ತೆಗೆದು, ಸರಾಸರಿಯನ್ನೂ ಏರಿಳಿತವನ್ನೂ ಅಲ್ಲೇ ಲೆಕ್ಕ ಹಾಕಿ, ಪಟ್ಟಿಗೆ ಬದಲಿಸುವುದನ್ನು ಕೊನೆಗೆ ಇಟ್ಟುಕೊಳ್ಳಬೇಕು. ΔΔCtಯಲ್ಲಿ ಅರ್ಧ ಸುತ್ತಿನ ಏರಿಳಿತವಿದ್ದರೂ ನಮ್ಮ 16 ಎಂಬುದು 11ರಿಂದ 23ರವರೆಗೆ ಹರಡಿಕೊಳ್ಳುತ್ತದೆ. ಆದ್ದರಿಂದ ‘ಇಷ್ಟು ಪಟ್ಟು’ ಎಂಬ ಅಂಕಿ ಕಂಡಾಗ ಆಧಾರ ಜೀನ್ ಯಾವುದು, ಅದು ಆ ಪ್ರಯೋಗದಲ್ಲಿ ನಿಜಕ್ಕೂ ಬದಲಾಗದೆ ಉಳಿದಿತ್ತೇ, ಗಿಡಗಳು ಎಷ್ಟು ಎಂದು ನೋಡಿ. ಅದನ್ನು ಹೇಳದ ವರದಿಯ ಅಂಕಿಯನ್ನು ನಂಬಬೇಕಿಲ್ಲ.